ಕುಡಿದವರನ್ನು ಗೇಟಿನಲ್ಲೇ ತಡೆಯಿರಿ: ಕೆಂಪೇಗೌಡ ವಿಮಾನ ನಿಲ್ದಾಣದ ಆಡಳಿತಕ್ಕೂ ವಿಮಾನ ಕಂಪನಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ದೇವನಹಳ್ಳಿಯ ನಿಲ್ದಾಣ ಶುರುವಾಗುವ ಮೊದಲು ಎಚ್‌ಎಎಲ್ ನಿಲ್ದಾಣದಲ್ಲಿ, ಆಮೇಲೆ ಇಲ್ಲಿ, ಒಂದು ವಿಮಾನ ಕಂಪನಿಯ ನೆಲದ ಸಿಬ್ಬಂದಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಚೆಕ್-ಇನ್ ಕೌಂಟರ್, ಬೋರ್ಡಿಂಗ್ ಗೇಟ್, ಲಗೇಜ್ ತುಂಬುವ ಜಾಗ, ಮೂರನ್ನೂ ನೋಡಿದ್ದೇನೆ. ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ಅಮಲೇರಿದ ಪ್ರಯಾಣಿಕರನ್ನು ವಿಮಾನದ ಬಾಗಿಲು ಮುಚ್ಚಿದ ಮೇಲೆ ಇಳಿಸುವ ಬದಲು, ಹತ್ತುವ ಮೊದಲೇ ಗೇಟಿನಲ್ಲಿ ನಿಲ್ಲಿಸಿ. ನಿಲ್ಲಿಸುವ ಅಧಿಕಾರವನ್ನು ಗೇಟಿನಲ್ಲಿ ನಿಂತ ಹುಡುಗ-ಹುಡುಗಿಯರಿಗೆ ಬಾಯಿಮಾತಲ್ಲಿ ಅಲ್ಲ, ಬರಹದಲ್ಲೇ ಕೊಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಅರ್ಥವಾಗಬೇಕಾದರೆ, ಒಬ್ಬನನ್ನು ವಿಮಾನದಿಂದ ಇಳಿಸುವಾಗ ನಿಜವಾಗಿ ಏನೇನು ಆಗುತ್ತದೆ ಅಂತ ನೋಡಬೇಕು. ನಾನು ಕೆಲಸದಲ್ಲಿದ್ದಾಗ ನಡೆದ ಒಂದು ಪ್ರಸಂಗ ಹೇಳುತ್ತೇನೆ.

ರಾತ್ರಿ ದೆಹಲಿ ವಿಮಾನ. ಸುಮಾರು ನೂರೆಂಬತ್ತು ಸೀಟು, ಎಲ್ಲವೂ ಭರ್ತಿ. ಮೂವರು ಗೆಳೆಯರು ಮದುವೆಗೆ ಹೊರಟಿದ್ದರು. ಭದ್ರತಾ ತಪಾಸಣೆ ಬೇಗ ಮುಗಿಯಿತು, ಕೈಯಲ್ಲಿ ಸಮಯ ಇತ್ತು, ಒಳಗಿನ ಬಾರಿನಲ್ಲಿ ಕೂತರು. ಗೇಟಿಗೆ ಬಂದಾಗ ಅವರಲ್ಲಿ ಒಬ್ಬನಿಗೆ ಬೋರ್ಡಿಂಗ್ ಪಾಸ್ ಯಾವ ಜೇಬಿನಲ್ಲಿದೆ ಅಂತ ಗೊತ್ತಾಗಲಿಲ್ಲ. ಸಿಕ್ಕಿದ ಮೇಲೆ ಬೇರೆಯವರ ಪಾಸ್ ಕೊಟ್ಟ. ಸೀಟ್ ನಂಬರ್ ಕೇಳಿದರೆ ಜೋರಾಗಿ ನಕ್ಕ. ಗೇಟಿನಲ್ಲಿದ್ದ ಹುಡುಗಿ ಇದನ್ನೆಲ್ಲ ಗಮನಿಸಿದಳು, ಮೇಲಿನವರಿಗೆ ಹೇಳಿದಳು ಕೂಡ. ವಿಮಾನ ಆಗಲೇ ತಡವಾಗಿತ್ತು. "ಹೋಗಲಿ ಬಿಡಮ್ಮ, ಕೂತರೆ ನಿದ್ದೆ ಮಾಡ್ತಾನೆ" ಅಂತ ಉತ್ತರ ಬಂತು.

ಅವನು ನಿದ್ದೆ ಮಾಡಲಿಲ್ಲ. ಬೆಲ್ಟ್ ಹಾಕಿಕೊಳ್ಳಿ ಅಂದರೆ ಹಾಕಲಿಲ್ಲ. ಫೋನಿನಲ್ಲಿ ಜೋರಾಗಿ ಹಾಡು ಹಚ್ಚಿದ. ನಿಲ್ಲಿಸಿ ಅಂದ ಗಗನಸಖಿಯ ಮುಖಕ್ಕೇ ಫೋನ್ ಹಿಡಿದು ವಿಡಿಯೋ ಮಾಡಿದ. ಬಾಗಿಲು ಮುಚ್ಚಿ, ವಿಮಾನವನ್ನು ಹಿಂದಕ್ಕೆ ತಳ್ಳಲು ಶುರು ಮಾಡಿದಾಗ ಎದ್ದು ಶೌಚಾಲಯದ ಕಡೆ ನಡೆದ. ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥೆ ಎರಡು ಸಲ ಕೂರಲು ಹೇಳಿದರು. ಎರಡನೇ ಸಲ ಅವನು ಅವರ ಕೈ ತಳ್ಳಿದ. ಅವರು ಇಂಟರ್‌ಕಾಮ್‌ನಲ್ಲಿ ಕ್ಯಾಪ್ಟನ್‌ಗೆ ಹೇಳಿದರು. ಕ್ಯಾಪ್ಟನ್ ವಿಮಾನ ನಿಲ್ಲಿಸಿದರು.

ಇಲ್ಲಿಂದ ಮುಂದೆ ನಡೆಯುವುದು ಪ್ರಯಾಣಿಕರಿಗೆ ಕಾಣುವುದಿಲ್ಲ. ವಿಮಾನವನ್ನು ಮತ್ತೆ ಅದರ ನಿಲುಗಡೆ ಜಾಗಕ್ಕೆ ಎಳೆದು ತರಬೇಕು. ಗೇಟಿನಿಂದ ವಿಮಾನದ ಬಾಗಿಲಿಗೆ ನಡೆದು ಹೋಗುವ ಏರೋಬ್ರಿಜ್ ಮತ್ತೆ ಜೋಡಿಸಬೇಕು. ಕಂಪನಿಯ ಭದ್ರತಾ ಸಿಬ್ಬಂದಿಯೂ ಸಿಐಎಸ್‌ಎಫ್‌ನವರೂ ಬರಬೇಕು. ಇಷ್ಟಾದರೆ ಅರ್ಧ ಕೆಲಸ. ಪ್ರಯಾಣಿಕ ಇಳಿದ ಮೇಲೆ ಅವನ ಚೆಕ್-ಇನ್ ಲಗೇಜ್ ವಿಮಾನದಲ್ಲಿ ಉಳಿಯುವಂತಿಲ್ಲ. ಅದು ಭದ್ರತೆಯ ನಿಯಮ, ಅದರಲ್ಲಿ ರಿಯಾಯಿತಿ ಇಲ್ಲ. ಹೊಟ್ಟೆಯ ಭಾಗದ ಬಾಗಿಲು ತೆಗೆದು, ಲೋಡರ್‌ಗಳು ಒಳಗೆ ಬಗ್ಗಿ ತೆವಳಿ, ಟ್ಯಾಗ್ ನಂಬರ್ ಹಿಡಿದು, ನೂರಾರು ಪೆಟ್ಟಿಗೆಗಳಲ್ಲಿ ಒಂದನ್ನು ಹುಡುಕಬೇಕು. ಮೊದಲು ಹತ್ತಿದ ಪೆಟ್ಟಿಗೆ ತಳದಲ್ಲೇ ಇರುತ್ತದೆ, ಅಲ್ವಾ? ಮೇಲಿನದ್ದೆಲ್ಲ ಕೆಳಗಿಳಿಸಿ ಮತ್ತೆ ತುಂಬಬೇಕು. ಅವತ್ತು ಗೆಳೆಯರಲ್ಲೊಬ್ಬ ನಾನೂ ಇಳಿಯುತ್ತೇನೆ ಅಂದ. ಹುಡುಕುವ ಪೆಟ್ಟಿಗೆ ಎರಡಾದವು.

ಅದೇ ಹೊತ್ತಿಗೆ ಮೇಲೆ ಅವರು ಕೂತಿದ್ದ ಸೀಟಿನ ಸುತ್ತಮುತ್ತ ಏನಾದರೂ ಬಿಟ್ಟು ಹೋಗಿದ್ದಾರಾ ಅಂತ ಹುಡುಕುತ್ತಾರೆ. ಒಳಗಿರುವವರ ತಲೆ ಎಣಿಸುತ್ತಾರೆ. ಇಬ್ಬರು ಮತ್ತು ಅವರ ಲಗೇಜ್ ಇಳಿದರೆ ತೂಕ ಬದಲಾಗುತ್ತದೆ, ತೂಕದ ಲೆಕ್ಕ ಇರುವ ಲೋಡ್ ಶೀಟ್ ತಿದ್ದಬೇಕು. ಹೊರಡಲು ಕೊಟ್ಟಿದ್ದ ಸಮಯ ಕೈತಪ್ಪಿತು ಅಂದರೆ ಹೊಸ ಸಮಯಕ್ಕೆ ಕಾಯಬೇಕು. ಪೈಲಟ್‌ಗಳು ದಿನಕ್ಕೆ ಇಷ್ಟೇ ಗಂಟೆ ಕೆಲಸ ಮಾಡಬಹುದು ಅನ್ನುವ ಮಿತಿ ಬೇರೆ ಇದೆ. ರಾತ್ರಿ ಪಾಳಿಯಲ್ಲಿ ಆ ಮಿತಿ ಬೇಗ ಹತ್ತಿರ ಬರುತ್ತದೆ. ಮಿತಿ ಮೀರುತ್ತದೆ ಅಂತಾದರೆ ಬೇರೆ ಪೈಲಟ್ ಬರುವವರೆಗೆ ಎಲ್ಲರೂ ಕೂತೇ ಇರಬೇಕು. ಅವತ್ತು ಅಷ್ಟು ದೂರ ಹೋಗಲಿಲ್ಲ. ಆದರೆ ವಿಮಾನ ಹೊರಟಿದ್ದು ಒಂದು ಗಂಟೆಗೂ ಜಾಸ್ತಿ ತಡವಾಗಿ. ದೆಹಲಿಯಲ್ಲಿ ಮುಂದಿನ ವಿಮಾನ ಹಿಡಿಯಬೇಕಿದ್ದವರಿಗೆ ಅದು ತಪ್ಪಿತು.

ಆ ಹುಡುಗನಿಗೆ ಏನಾಯಿತು? ಏರೋಬ್ರಿಜ್ ದಾಟುವ ಹೊತ್ತಿಗೆ ಅವನ ಅಮಲು ಅರ್ಧ ಇಳಿದಿತ್ತು. ಅಳುತ್ತಿದ್ದ. "ಸಾರ್, ಸಾರಿ ಹೇಳ್ತೀನಿ ಸಾರ್, ಒಂದ್ಸಲ ಬಿಟ್ಬಿಡಿ" ಅಂದ. ಆದರೆ ಸಿಬ್ಬಂದಿಯ ಲಿಖಿತ ದೂರು ಆಗಲೇ ತಯಾರಾಗಿತ್ತು. ಸಿಐಎಸ್‌ಎಫ್‌ನವರು ಅವನನ್ನು ನಿಲ್ದಾಣದ ಪೊಲೀಸರಿಗೆ ಒಪ್ಪಿಸಿದರು. ವೈದ್ಯಕೀಯ ಪರೀಕ್ಷೆ ಆಯಿತು. ಮರುದಿನ ಮದುವೆ ಮನೆಗೆ ಫೋನ್ ಮಾಡಿ ಕಾರಣ ಹೇಳುವ ಕೆಲಸ ಅವನ ಜೊತೆ ಇಳಿದ ಗೆಳೆಯನ ಪಾಲಿಗೆ ಬಂತು.

ಇಂಥವರ ಮೇಲೆ ಯಾವ ಕಾನೂನು ಬೀಳುತ್ತದೆ ಅನ್ನುವುದು ಜನರಿಗೆ ತಿಳಿದಿರುವುದು ಕಡಿಮೆ. 1937ರ ವಿಮಾನ ನಿಯಮಗಳಲ್ಲಿ 22ನೇ ನಿಯಮ ಸಿಬ್ಬಂದಿಗೆ ಸಂಬಂಧಪಟ್ಟದ್ದು. ಅವರ ಮೇಲೆ ಕೈ ಮಾಡುವುದು, ಬೆದರಿಸುವುದು ಮಾತ್ರವಲ್ಲ, ಸುರಕ್ಷತೆಗಾಗಿ ಅವರು ಕೊಟ್ಟ ಸೂಚನೆಯನ್ನು ಪಾಲಿಸದೇ ಇರುವುದೂ ಅದರಲ್ಲಿ ತಪ್ಪು. 23ನೇ ನಿಯಮ ವಿಮಾನದೊಳಗಿನ ಹಲ್ಲೆ, ಹಾನಿ, ಬೇರೆಯವರಿಗೆ ಅಪಾಯ ತರುವಂಥ ಕುಡಿತದ ಬಗ್ಗೆ ಹೇಳುತ್ತದೆ. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳೂ ಸೇರಬಹುದು.

ಪೊಲೀಸ್ ಕೇಸ್ ಒಂದು ದಾರಿ. ವಿಮಾನ ಕಂಪನಿ ಹಾಕುವ ನಿಷೇಧ ಇನ್ನೊಂದು ದಾರಿ. ಎರಡೂ ಬೇರೆ ಬೇರೆ, ಒಟ್ಟೊಟ್ಟಿಗೇ ನಡೆಯುತ್ತವೆ. ನಿಷೇಧದ ನಿಯಮವನ್ನು ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2017ರಲ್ಲಿ ಗಟ್ಟಿ ಮಾಡಿತು. ಅದರ ಪ್ರಕಾರ ತಪ್ಪಿಗೆ ಮೂರು ಹಂತ. ಬೈಗುಳ, ಕೆಟ್ಟ ಸನ್ನೆ, ಕುಡಿದು ರಂಪ ಮಾಡುವುದು ಮೊದಲ ಹಂತ. ಅದಕ್ಕೆ ಮೂರು ತಿಂಗಳವರೆಗೆ ಹಾರುವಂತಿಲ್ಲ. ತಳ್ಳುವುದು, ಹೊಡೆಯುವುದು, ಮೈ ಮುಟ್ಟಿ ಕಿರುಕುಳ ಕೊಡುವುದು ಎರಡನೇ ಹಂತ, ಆರು ತಿಂಗಳವರೆಗೆ. ಪ್ರಾಣಕ್ಕೆ ಕುತ್ತು ತರುವ ಹಲ್ಲೆ, ವಿಮಾನದ ವ್ಯವಸ್ಥೆಗೆ ಹಾನಿ, ಕಾಕ್‌ಪಿಟ್‌ಗೆ ನುಗ್ಗುವ ಪ್ರಯತ್ನ ಮೂರನೇ ಹಂತ. ಅಲ್ಲಿ ಕಡಿಮೆ ಅಂದರೂ ಎರಡು ವರ್ಷ, ಮೇಲಿನ ಮಿತಿ ಇಲ್ಲ. ಮತ್ತೆ ಅದೇ ತಪ್ಪು ಮಾಡಿದರೆ ಹಿಂದಿನ ಅವಧಿಯ ಎರಡು ಪಟ್ಟು.

ಆ ಹುಡುಗನ ವಿಷಯಕ್ಕೆ ಈ ಅಳತೆ ಹಚ್ಚಿ ನೋಡಿ. ಗೇಟಿನಲ್ಲಿ ಅವನು ಬರೀ ಕುಡಿದಿದ್ದ, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಸೀಟಿನಲ್ಲಿ ರಂಪ ಮಾಡಿದಾಗ ಮೊದಲ ಹಂತಕ್ಕೆ ಬಂದ. ಕೈ ತಳ್ಳಿದ ಆ ಒಂದು ಕ್ಷಣ ಅವನನ್ನು ಎರಡನೇ ಹಂತದ ಬಾಗಿಲಿಗೆ ತಂದು ನಿಲ್ಲಿಸಿತು. ಗೇಟಿನಿಂದ ಅಲ್ಲಿಗೆ ಅರ್ಧ ಗಂಟೆಯೂ ಆಗಿರಲಿಲ್ಲ. ಗೇಟಿನಲ್ಲೇ ನಿಲ್ಲಿಸಿದ್ದರೆ ಅವನಿಗೆ ಆಗುತ್ತಿದ್ದ ನಷ್ಟ ಒಂದು ಟಿಕೆಟ್ ಮತ್ತು ಒಂದು ರಾತ್ರಿ. ಬೆಳಿಗ್ಗೆ ಬೇರೆ ವಿಮಾನ ಹಿಡಿದು ಮದುವೆಗೆ ಹೋಗಬಹುದಿತ್ತು. ಹಾಗಾಗಿ ಗೇಟಿನಲ್ಲಿ ತಡೆಯುವುದು ಕಠಿಣ ಕ್ರಮ ಅಂತ ನನಗೆ ಅನ್ನಿಸುವುದಿಲ್ಲ. ಕುಡಿದವನಿಗೂ ಅದೇ ಹೆಚ್ಚು ದಯೆಯ ದಾರಿ.

"ಗೇಟಿನಲ್ಲಿ ಸರಿಯಾಗೇ ಇದ್ದ" ಅಂತ ನಿಮ್ಮ ಸಿಬ್ಬಂದಿ ಎಷ್ಟೋ ಸಲ ವರದಿ ಬರೆಯುತ್ತಾರೆ. ಅದು ಸುಳ್ಳಲ್ಲ. ಕೊನೆಯ ಪೆಗ್ ಹೊಟ್ಟೆಗೆ ಬಿದ್ದ ತಕ್ಷಣ ತಲೆಗೆ ಹತ್ತುವುದಿಲ್ಲ. ರಕ್ತದಲ್ಲಿ ಅದು ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕಾಗಬಹುದು. ಬೋರ್ಡಿಂಗ್ ಕರೆ ಬಂದಾಗ ಗಟಗಟ ಕುಡಿದು ಓಡಿ ಬಂದವನ ಅಮಲು ಏರುವುದು ವಿಮಾನ ನೆಲ ಬಿಡುವ ಹೊತ್ತಿಗೆ. ಮೇಲೆ ಹೋದ ಮೇಲೆ ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟದ ಮೇಲೆ, ಕೆಲವೊಮ್ಮೆ ಅದಕ್ಕಿಂತ ಮೇಲೆ, ಕುಡಿದ ಮೈಯಲ್ಲಿ ಗಂಟೆಗಟ್ಟಲೆ ಕೂತ ಹಾಗೆ. ರಕ್ತಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ, ಕುಡಿತ ಅದನ್ನು ಇನ್ನೂ ಕೆಳಗಿಳಿಸುತ್ತದೆ.

ಹಾಗಾಗಿ ನಿಲ್ದಾಣದ ಆಡಳಿತಕ್ಕೆ ನಾನು ಕೇಳುವುದು ಬಾರುಗಳ ವಿಷಯ. ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದೇ ಇಲ್ಲ. ಅಂದ ಮೇಲೆ ಬೆಂಗಳೂರಿನಿಂದ ದೆಹಲಿಗೋ ಪುಣೆಗೋ ಹೋಗುವ ವಿಮಾನದಲ್ಲಿ ಅಮಲೇರಿ ಕೂತವನು ಮನೆಯಲ್ಲಿ ಕುಡಿದು ಬಂದಿರಬೇಕು, ಕದ್ದು ಕುಡಿದಿರಬೇಕು, ಇಲ್ಲವೇ ನಿಮ್ಮದೇ ಟರ್ಮಿನಲ್ಲಿನಲ್ಲಿ ಕುಡಿದಿರಬೇಕು. ಮೂರನೆಯದು ನಿಮ್ಮ ಕೈಯಲ್ಲೇ ಇದೆ. ಬಿಲ್ ಮಾಡುವಾಗ ಬೋರ್ಡಿಂಗ್ ಪಾಸ್ ನೋಡಲಿ, ಬೋರ್ಡಿಂಗ್ ಶುರುವಾದ ವಿಮಾನದ ಪ್ರಯಾಣಿಕರಿಗೆ ಹೊಸ ಆರ್ಡರ್ ತೆಗೆದುಕೊಳ್ಳುವುದು ಬೇಡ. ತೂರಾಡುತ್ತಿರುವ ಗಿರಾಕಿಗೆ ಇನ್ನೊಂದು ಕೊಡುವುದು ಬೇಡ, ಬದಲಿಗೆ ಯಾವ ಗೇಟ್ ಅಂತ ನೋಡಿ ಅಲ್ಲಿಗೆ ಒಂದು ಫೋನ್ ಮಾಡಲಿ. ಬಾರಿನ ಹುಡುಗ ಆ ಫೋನ್ ಮಾಡಿದ್ದಕ್ಕೆ ಮಾಲೀಕ ಅವನನ್ನು ಬಯ್ಯದ ಹಾಗೆ ನಿಮ್ಮ ಬಾಡಿಗೆ ಕರಾರಿನಲ್ಲೇ ಈ ಮಾತು ಸೇರಿಸಿ. ಅದಿಲ್ಲದೆ ಯಾರೂ ವ್ಯಾಪಾರ ಬಿಡುವುದಿಲ್ಲ.

ವಿಮಾನ ಕಂಪನಿಗಳಿಗೆ ನಾನು ಹೇಳಬೇಕಾದ ಮಾತು ಇನ್ನೂ ನೇರ. ಡಿಜಿಸಿಎ ನಿಯಮವೇ ಹೇಳುತ್ತದೆ: ಗಲಾಟೆ ಮಾಡುವ ಲಕ್ಷಣ ಇರುವವರ ಮೇಲೆ ಮೊದಲಿನಿಂದಲೇ ಕಣ್ಣಿಡಿ, ಅಪಾಯ ಅಂತ ಕಂಡರೆ ಹತ್ತಿಸಬೇಡಿ. ದೊಡ್ಡದಾದ ಮೇಲೆ ನಿಭಾಯಿಸುವುದಕ್ಕಿಂತ ಮೊದಲ ಸೂಚನೆಗಳನ್ನು ಗಮನಿಸಿ ಅಂತಲೂ ಹೇಳುತ್ತದೆ. ಅಧಿಕಾರ ಕಾಗದದಲ್ಲಿ ಇದೆ. ಗೇಟಿನಲ್ಲಿ ಇಲ್ಲ. ಗೇಟಿನಲ್ಲಿ ಇರುವುದು ಗಡಿಯಾರ. ವಿಮಾನ ಐದು ನಿಮಿಷ ತಡವಾದರೆ ಕಾರಣ ಬರೆಯಬೇಕಾದವಳು ಆ ಹುಡುಗಿ. ಪ್ರಯಾಣಿಕ ಜಾಲತಾಣದಲ್ಲಿ ಬೈದರೆ ವಿವರಣೆ ಕೊಡಬೇಕಾದವಳೂ ಅವಳೇ. ಹತ್ತಿಸಿ ಕಳಿಸಿದರೆ ಮಾತ್ರ ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಪ್ರಯಾಣಿಕರಿಗೆ ಇಷ್ಟು ಮಿಲಿಗ್ರಾಂ ದಾಟಿದರೆ ಹತ್ತುವಂತಿಲ್ಲ ಅನ್ನುವ ಅಳತೆ ಇಲ್ಲ, ಉಸಿರು ಪರೀಕ್ಷೆಯೂ ಇಲ್ಲ. ಆದ್ದರಿಂದ ನಡವಳಿಕೆ ನೋಡಿಯೇ ನಿರ್ಧರಿಸಬೇಕು. ಬರೀ ವಾಸನೆ ಬಂತು ಅಂತ ಯಾರನ್ನೂ ತಡೆಯಬಾರದು. ಒಂದು ಬಿಯರ್ ಕುಡಿದು ಸುಮ್ನೆ ಹೋಗಿ ಕೂರುವವರೇ ಜಾಸ್ತಿ. ನಾವು ನೋಡುತ್ತಿದ್ದದ್ದು ಬೇರೆ: ನೇರ ನಿಲ್ಲುತ್ತಾರಾ, ಎರಡು ಪ್ರಶ್ನೆಗೆ ಸರಿಯಾದ ಕ್ರಮದಲ್ಲಿ ಉತ್ತರ ಕೊಡುತ್ತಾರಾ, ಹೇಳಿದ್ದನ್ನು ಮಾಡುತ್ತಾರಾ. "ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್, ಈ ಬ್ಯಾಗ್ ಕೆಳಗಿಡಿ, ನಿಮ್ಮ ಗುರುತಿನ ಚೀಟಿ ತೋರಿಸಿ" ಅಂತ ಮೂರು ಕೆಲಸ ಒಟ್ಟಿಗೆ ಹೇಳಿ ನೋಡಿ. ಅಮಲೇರಿದವರು ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಇಲ್ಲವೇ ರೇಗುತ್ತಾರೆ. ನೆಲದ ಮೇಲೆ ಮೂರು ಮಾತು ಪಾಲಿಸಲಾಗದವರು ಹೊಗೆ ತುಂಬಿದ ಕ್ಯಾಬಿನ್ನಿನಿಂದ ತೊಂಬತ್ತು ಸೆಕೆಂಡಿನಲ್ಲಿ ಹೊರಗೆ ಬರುವುದು ಹೇಗೆ? ಅಷ್ಟೂ ಜನ ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನಲ್ಲಿ ಹೊರಬರಬಹುದು ಅಂತ ತೋರಿಸಿದ ಮೇಲೆಯೇ ದೊಡ್ಡ ವಿಮಾನಗಳಿಗೆ ಪ್ರಮಾಣಪತ್ರ ಸಿಗುವುದು. ಬೆಲ್ಟ್ ಹಾಕಿ, ಸೀಟ್ ನೇರ ಮಾಡಿ, ಬ್ಯಾಗ್ ಕಾಲಡಿ ಇಡಿ ಅಂತ ಸಿಬ್ಬಂದಿ ಬೆನ್ನು ಹತ್ತುವುದು ಅದಕ್ಕೇ.

ತಡೆಯದೆ ಹೋದರೆ, ಮೇಲೆ ಹೋದ ಮೇಲೂ ಸರಿಯಾಗಿ ನಿಭಾಯಿಸದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2022ರ ನವೆಂಬರ್ 26ರ ಪ್ರಕರಣ ಸಾಕು. ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಕುಡಿದಿದ್ದ ಪ್ರಯಾಣಿಕರೊಬ್ಬರು ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದರು ಅನ್ನುವ ಆರೋಪ. ವಿಮಾನ ಇಳಿದಾಗ ಅವರನ್ನು ಯಾರೂ ತಡೆಯಲಿಲ್ಲ, ಅವರು ಸುಮ್ಮನೆ ನಡೆದು ಹೋದರು. ಇಂಥ ಘಟನೆಯನ್ನು ಇಳಿದ ಹನ್ನೆರಡು ಗಂಟೆಯೊಳಗೆ ಡಿಜಿಸಿಎಗೆ ತಿಳಿಸಬೇಕು. ತಿಳಿಸಲಿಲ್ಲ. ಜನವರಿಯಲ್ಲಿ ಸುದ್ದಿ ಹೊರಬಂದ ಮೇಲೆ ದೆಹಲಿ ಪೊಲೀಸರು ಆರೋಪಿಯನ್ನು ಹಿಡಿದಿದ್ದು ನಮ್ಮ ಬೆಂಗಳೂರಿನಲ್ಲಿ. ಕಂಪನಿಯ ಸಮಿತಿ ನಾಲ್ಕು ತಿಂಗಳು ನಿಷೇಧ ಹಾಕಿತು. ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿ, ಮುಖ್ಯ ಪೈಲಟ್‌ನ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಆ ಮಹಿಳೆ ನ್ಯಾಯಕ್ಕಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ನನಗೆ ಅತಿ ಹೆಚ್ಚು ನೋವು ಕೊಟ್ಟಿದ್ದು ಈ ಕೊನೆಯ ಸಂಗತಿ.

ಅಧಿಕಾರ ಕೊಟ್ಟರೆ ದುರುಪಯೋಗ ಆಗುವುದಿಲ್ಲವಾ ಅಂತ ಕೇಳುವವರು ಇದ್ದಾರೆ. ಆಗಬಹುದು. ತಡವಾದ ವಿಮಾನದ ಬಗ್ಗೆ ಗಟ್ಟಿ ದನಿಯಲ್ಲಿ ಪ್ರಶ್ನೆ ಕೇಳಿದವರನ್ನೆಲ್ಲ ರಂಪ ಮಾಡಿದರು ಅಂತ ಬರೆಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದು ಅನ್ಯಾಯ. ಪ್ರಯಾಣಿಕರ ಸಿಟ್ಟಿಗೆ ನಮ್ಮದೇ ಕೆಟ್ಟ ಸೇವೆ ಕಾರಣ ಆಗಿರಬಹುದು ಅಂತ ಡಿಜಿಸಿಎ ನಿಯಮವೂ ಒಪ್ಪುತ್ತದೆ. ಆದ್ದರಿಂದಲೇ ನಿಷೇಧ ಹಾಕುವುದು ಕ್ಯಾಪ್ಟನ್ ಕೈಯಲ್ಲಿಲ್ಲ. ಅವರು ಆ ಒಂದು ವಿಮಾನದಿಂದ ಇಳಿಸಬಹುದು, ಅಷ್ಟೇ. ಮುಂದಿನದ್ದು ಕಂಪನಿಯ ಒಳ ಸಮಿತಿಯ ಕೆಲಸ. ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಬೇರೆ ವಿಮಾನ ಕಂಪನಿಯ ಒಬ್ಬರು, ಪ್ರಯಾಣಿಕರ ಅಥವಾ ಗ್ರಾಹಕರ ಕಡೆಯ ಒಬ್ಬರು ಸದಸ್ಯರು. ಮೂವತ್ತು ದಿನದೊಳಗೆ ತೀರ್ಮಾನ ಆಗಬೇಕು. ಅಲ್ಲಿವರೆಗೆ ಕಂಪನಿ ಆ ಪ್ರಯಾಣಿಕರನ್ನು ದೂರ ಇಡಬಹುದು. ತೀರ್ಮಾನ ಆಗದೆ ಮೂವತ್ತು ದಿನ ದಾಟಿದರೆ ಅವರು ಹಾರಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ವಿಮಾನಯಾನ ಸಚಿವಾಲಯದ ಮೇಲ್ಮನವಿ ಸಮಿತಿಗೆ ಹೋಗಬಹುದು, ಆಮೇಲೆ ಹೈಕೋರ್ಟ್ ಇದೆ. ಹೆಸರು ಡಿಜಿಸಿಎ ಪಟ್ಟಿಗೆ ಸೇರಿದರೂ ಬೇರೆ ಕಂಪನಿಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ, ಆದರೆ ಪಾಲಿಸಬಹುದು. 2020ರಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಅವರ ಮೇಲೆ ಇಂಡಿಗೋ ಮೊದಲು ಆರು ತಿಂಗಳು ನಿಷೇಧ ಘೋಷಿಸಿತು, ಬೇರೆ ಕಂಪನಿಗಳೂ ತಕ್ಷಣ ಬಾಗಿಲು ಹಾಕಿದವು. ಸಮಿತಿ ವಿಚಾರಣೆ ಮಾಡಿದ ಮೇಲೆ ಇಂಡಿಗೋ ಅವಧಿ ಮೂರು ತಿಂಗಳಿಗೆ ಇಳಿಯಿತು. ಸಮಿತಿ ಮೊದಲು, ನಿಷೇಧ ಆಮೇಲೆ ಅನ್ನುವ ಕ್ರಮ ಮುಖ್ಯ. ಗೇಟಿನಲ್ಲಿ ತಡೆದವರ ವಿಷಯದಲ್ಲೂ ಹೀಗೇ ಇರಲಿ. ಯಾಕೆ ತಡೆದಿರಿ ಅಂತ ಅರ್ಧ ಪುಟದ ಕಾಗದ ಬರೆದು, ಒಂದು ಪ್ರತಿ ಪ್ರಯಾಣಿಕರ ಕೈಗೆ ಕೊಡಿ.

ಇನ್ನೊಂದು ಮಾತು ಹೇಳದೆ ಪತ್ರ ಮುಗಿಸಲಾರೆ. ಸೂಚನೆ ಪಾಲಿಸದವರೆಲ್ಲ ಕುಡಿದವರಲ್ಲ, ಸೊಕ್ಕಿನವರೂ ಅಲ್ಲ. ಮೊದಲ ಸಲ ವಿಮಾನ ಹತ್ತಿದ ಹಿರಿಯರು ನಮ್ಮ ನಿಲ್ದಾಣಕ್ಕೆ ದಿನವೂ ಬರುತ್ತಾರೆ. ಮಗಳ ಬಾಣಂತನಕ್ಕೆ ಹೊರಟ ಅಜ್ಜಿ, ಕಾಶಿಗೆ ಹೊರಟ ತಂಡ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬೆಲ್ಟ್ ಹಾಕಿ ಅಂದರೆ ಅವರಿಗೆ ತಿಳಿಯುವುದಿಲ್ಲ. ವಿಮಾನ ಇನ್ನೂ ಓಡುತ್ತಿರುವಾಗಲೇ ಎದ್ದು ಚೀಲ ಇಳಿಸಲು ಹೋಗುತ್ತಾರೆ, ಬಸ್ಸಿನಲ್ಲಿ ಹಾಗೇ ಮಾಡಿ ಅಭ್ಯಾಸ. ಆಗ ಸಿಬ್ಬಂದಿ ರೇಗುತ್ತಾರೆ, ಅವರು ಗಾಬರಿಯಾಗುತ್ತಾರೆ, ಪಕ್ಕದವರು ನಗುತ್ತಾರೆ. ಬೆಂಗಳೂರಿನಿಂದ ಹೊರಡುವ, ಬೆಂಗಳೂರಿಗೆ ಬರುವ ಪ್ರತಿ ವಿಮಾನದಲ್ಲೂ ಸುರಕ್ಷತೆಯ ಸೂಚನೆ ಕನ್ನಡದಲ್ಲೂ ಇರಲಿ. ಧ್ವನಿಮುದ್ರಣ ಮಾಡಿದ್ದಾದರೂ ಸರಿ. ಜೊತೆಗೆ ಗೇಟಿನ ಬಳಿ ಒಂದು ಫಲಕ ಹಾಕಿ: ಕುಡಿದು ತೂರಾಡುವವರನ್ನು ಹತ್ತಿಸುವುದಿಲ್ಲ, ಸಿಬ್ಬಂದಿಯ ಮಾತು ಮೀರಿದರೆ ಇಳಿಸುತ್ತೇವೆ, ಇಳಿಸಿದ ಮೇಲೆ ಪೊಲೀಸ್, ಆಮೇಲೆ ನಿಷೇಧ. ಡ್ಯೂಟಿ ಫ್ರೀ ಬಾಟಲಿಯನ್ನು ವಿಮಾನದಲ್ಲಿ ತೆಗೆದು ಕುಡಿಯುವಂತಿಲ್ಲ ಅನ್ನುವುದನ್ನೂ ಸೇರಿಸಿ, ಎಷ್ಟೋ ಜನಕ್ಕೆ ಅದು ನಿಜವಾಗಿಯೂ ಗೊತ್ತಿಲ್ಲ. ಕನ್ನಡದಲ್ಲಿ ಹೇಳಿದ ಮೇಲೂ ಮೀರಿದರೆ, ಗೊತ್ತಿರಲಿಲ್ಲ ಅಂತ ಅವರೂ ಹೇಳಲಾಗುವುದಿಲ್ಲ.

ಬಾರುಗಳ ಕರಾರು, ಗೇಟ್ ಸಿಬ್ಬಂದಿಗೆ ಲಿಖಿತ ಅಧಿಕಾರ, ಕನ್ನಡದ ಸೂಚನೆ, ಈ ಮೂರರ ಬಗ್ಗೆ ನಿಮ್ಮ ತೀರ್ಮಾನವನ್ನು ಸಾರ್ವಜನಿಕವಾಗಿ ತಿಳಿಸಬೇಕು ಅಂತ ಕೇಳುತ್ತೇನೆ. ಗೇಟಿನ ಹೊಸ ಹುಡುಗ-ಹುಡುಗಿಯರಿಗೆ ತರಬೇತಿ ಇಟ್ಟರೆ ಕರೆಯಿರಿ, ಸಂಬಳ ಬೇಡ, ಬಂದು ಹೇಳಿಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರೌಂಡ್ ಸ್ಟಾಫ್
ಯಲಹಂಕ, ಬೆಂಗಳೂರು